ರೆಸ್ಯೂಮ್ ಪಾಠದ ಕೆಳಗೆ ಏನು ಬರೀಬೇಕು, ಟೆಂಪ್ಲೇಟ್ ಲಿಂಕ್ ಹೇಗೆ ಕೊಡಬೇಕು?

ಕೇಳಿದವರು (ಕಲಬುರಗಿ): ಈಗಷ್ಟೇ ಡಿಗ್ರಿ ಮುಗಿಸಿದವರಿಗೆ ರೆಸ್ಯೂಮ್ ಬರೆಯೋದು ಹೇಗೆ ಅಂತ 18 ನಿಮಿಷದ ಯೂಟ್ಯೂಬ್ ವಿಡಿಯೊ ಮಾಡಿದ್ದೇನೆ. ಡಿಸ್ಕ್ರಿಪ್ಷನ್‌ನಲ್ಲಿ ಯಾವ ಯಾವ ಭಾಗ ಇದೆ ಅಂತ ಹೇಗೆ ಬರೀಲಿ? ಟೆಂಪ್ಲೇಟ್ ಗೂಗಲ್ ಡಾಕ್ಸ್‌ನಲ್ಲಿದೆ, ಲಿಂಕ್ ಹಾಕಿದರೆ ಸಾಕಾ? ಮಾಡಿ ನೋಡಿದವರು ಹೇಳಿ.

ಯಾದಗಿರಿಯಿಂದ, ಕಂಪ್ಯೂಟರ್ ಕಲಿಸುವವರು

ಮೇಡಂ, ಮೊದಲು ಲಿಂಕ್ ಸರಿ ಮಾಡಿಕೊಳ್ಳಿ, ಜಾಸ್ತಿ ತೊಂದರೆ ಬರೋದು ಅಲ್ಲೇ. ಡಾಕ್ಸ್‌ನಲ್ಲಿ Share ಒತ್ತಿದಾಗ Restricted ಅಂತ ಇದ್ದರೆ, ವಿಡಿಯೊ ನೋಡಿದ ಪ್ರತಿ ಹುಡುಗನೂ ನಿಮ್ಮ ಹತ್ತಿರ ಅನುಮತಿ ಕೇಳಬೇಕಾಗುತ್ತದೆ. ನೀವು ರಾತ್ರಿ ಮೇಲ್ ನೋಡಿ ಅನುಮತಿ ಕೊಡುವ ಹೊತ್ತಿಗೆ ಅವನು ಬೇರೆ ವಿಡಿಯೊಗೆ ಹೋಗಿರುತ್ತಾನೆ. ಅದಕ್ಕೆ ಅಂತ Editor ಅಂತ ಕೊಟ್ಟರೆ ಇನ್ನೂ ಕೆಟ್ಟದ್ದು. ನಮ್ಮ ಕಡೆ ಒಂದು ಗುಂಪಿನಲ್ಲಿ ಹಾಗೇ ಆಯಿತು. ಒಬ್ಬ ಹುಡುಗಿ ಟೆಂಪ್ಲೇಟ್ ಒಳಗೇ ತನ್ನ ಹೆಸರು, ಫೋನ್ ನಂಬರ್, ಮನೆ ವಿಳಾಸ ಎಲ್ಲ ಟೈಪ್ ಮಾಡಿದಳು, ಅದು ಲಿಂಕ್ ಇದ್ದವರಿಗೆಲ್ಲ ಕಾಣಿಸಿತು. ಅಳಿಸಿದರೂ ಪೂರ್ತಿ ಹೋಗಲ್ಲ. ತಿದ್ದುವ ಅಧಿಕಾರ ಇರುವವರು Version history ತೆಗೆದರೆ ಹಳೆಯದು ಮತ್ತೆ ಸಿಗುತ್ತದೆ. ಕೊನೆಗೆ ಆ ಫೈಲನ್ನೇ ತೆಗೆದು ಹೊಸದು ಮಾಡಬೇಕಾಯಿತು.

ಹಾಗಾಗಿ Anyone with the link, ಪಕ್ಕದಲ್ಲಿ Viewer ಅಂತ ಇಡಿ. ಆಮೇಲೆ ಲಿಂಕ್‌ನ ಕೊನೆಯಲ್ಲಿ edit ಇರುವಲ್ಲಿಂದ ಮುಂದಿನದೆಲ್ಲ ಅಳಿಸಿ copy ಅಂತ ಹಾಕಿ. ಮೊದಲನೆಯದು ಅದು. ಎರಡನೆಯದು ನೇರವಾಗಿ ವರ್ಡ್ ಫೈಲ್ ಇಳಿಸಿಕೊಳ್ಳೋಕೆ:

```
https://docs.google.com/document/d/FILE_ID/copy
https://docs.google.com/document/d/FILE_ID/export?format=docx
```

FILE_ID ಇರುವಲ್ಲಿ ನಿಮ್ಮ ಫೈಲಿನ ಉದ್ದನೆಯ ಗುರುತು ಬರುತ್ತದೆ. ಮೊದಲನೆಯ ಲಿಂಕ್ ಒತ್ತಿದರೆ Make a copy ಬಟನ್ ಬರುತ್ತದೆ, ಒತ್ತಿದವರ ಡ್ರೈವ್‌ನಲ್ಲಿ ಅವರದೇ ಪ್ರತಿ ಆಗುತ್ತದೆ, ನಿಮ್ಮ ಮೂಲ ಹಾಗೇ ಉಳಿಯುತ್ತದೆ. ಎರಡೂ ಕೊಡಿ. ನಮ್ಮ ಹುಡುಗರಲ್ಲಿ ಜಾಸ್ತಿ ಜನ ಫೋನಲ್ಲೇ ನೋಡ್ತಾರೆ, ಆಮೇಲೆ ಫೈಲ್ ತಗೊಂಡು ಝೆರಾಕ್ಸ್ ಅಂಗಡಿಗೆ ಹೋಗ್ತಾರೆ. ಅಲ್ಲಿ ಬೇಕಾಗೋದು ವರ್ಡ್ ಫೈಲ್.

ಕಲಬುರಗಿಯಿಂದ, ಬಿ.ಕಾಂ ಮುಗಿಸಿದವರು

ಇಷ್ಟೆಲ್ಲ ಯಾಕೆ ರೀ, ಪಿಡಿಎಫ್ ಹಾಕಿಬಿಡಿ. ಎಲ್ಲ ಫೋನಲ್ಲೂ ತೆಗೆಯುತ್ತೆ, ಅಕ್ಷರ ಆಚೆ ಈಚೆ ಹೋಗಲ್ಲ. ಕಂಪನಿಯವರು ಕೇಳೋದೂ ಪಿಡಿಎಫೇ ಅಲ್ವಾ?

ಯಾದಗಿರಿಯವರೇ ಮತ್ತೆ

ಕಳಿಸೋಕೆ ಪಿಡಿಎಫ್ ಸರಿ ತಮ್ಮಾ, ಅಕ್ಷರದ ಮಾತೂ ಸರಿ. ಆದರೆ ತುಂಬಿಸೋಕೆ ಅದು ಬರಲ್ಲ. ಟೆಂಪ್ಲೇಟ್ ಅಂದ ಮೇಲೆ ತಿದ್ದೋಕೆ ಬರಬೇಕು. ತುಂಬಿಸಿದರೆ ಹೇಗೆ ಕಾಣುತ್ತೆ ಅಂತ ತೋರಿಸೋಕೆ ಒಂದು ಪಿಡಿಎಫ್ ಬೇರೆ ಇಟ್ಟರೆ ಒಳ್ಳೆಯದೇ.

ಸೇಡಂನಿಂದ

ನನ್ನ ಹತ್ತಿರ 371(ಜೆ) ಸರ್ಟಿಫಿಕೇಟ್ ಇದೆ, ಎಸಿ ಆಫೀಸಿನಿಂದ ತಗೊಂಡಿದ್ದು. ಅದನ್ನ ರೆಸ್ಯೂಮ್‌ನಲ್ಲಿ ಎಲ್ಲಿ ಬರೀಬೇಕು? ಮಾರ್ಕ್ಸ್ ಕೆಳಗಾ? ನಿಮ್ಮ ವಿಡಿಯೊದಲ್ಲಿ ಇದೆಯಾ?

ಕಲಬುರಗಿಯಿಂದ, ಕಾಲೇಜಿನಲ್ಲಿ ಪ್ಲೇಸ್‌ಮೆಂಟ್ ನೋಡಿಕೊಳ್ಳುವವರು

ಅದು ಸರ್ಕಾರಿ ನೇಮಕಾತಿಗೆ ಬೇಕು, ಅಲ್ಲಿ ರೆಸ್ಯೂಮ್ ಅಲ್ಲ, ಅವರದೇ ಅರ್ಜಿ ಇರುತ್ತೆ, ಮೀಸಲಾತಿ ಕಾಲಂನಲ್ಲಿ ತುಂಬಿಸಿ. ಖಾಸಗಿ ಕಂಪನಿಯ ರೆಸ್ಯೂಮ್‌ಗೆ ಬೇಡ. ಮೇಡಂ, ಇವರ ಪ್ರಶ್ನೆಯಿಂದ ನಿಮಗೊಂದು ಉಪಯೋಗ ಇದೆ ನೋಡಿ. ಇದು ಖಾಸಗಿ ಕೆಲಸದ ರೆಸ್ಯೂಮ್ ಅಂತ ಮೊದಲ ಸಾಲಲ್ಲೇ ಹೇಳಿಬಿಡಿ. ಡಿಸ್ಕ್ರಿಪ್ಷನ್ ಮಡಚಿಕೊಂಡೇ ಇರುತ್ತೆ, ಒತ್ತಿ ಬಿಡಿಸದೆ ಕಾಣೋದು ಮೇಲಿನ ಸ್ವಲ್ಪವೇ.

ಬೀದರ್‌ನಿಂದ, ಔಷಧ ಕಾರ್ಖಾನೆಯ ಲ್ಯಾಬಿಗೆ ಹುಡುಗರನ್ನು ಆರಿಸುವವರು

ಭಾಗಗಳ ಹೆಸರು ಸುಮ್ನೆ ಪಟ್ಟಿ ಮಾಡಬೇಡಿ. 'ಓದು, ಪ್ರಾಜೆಕ್ಟ್, ಕೌಶಲ' ಅಂತ ಬರೆದರೆ ಹುಡುಗರು ಅದು ನಮಗೆ ಗೊತ್ತು ಅಂತ ಮುಂದೆ ಓಡಿಸ್ತಾರೆ. ಆ ಭಾಗದಲ್ಲಿ ಅವರು ಎಲ್ಲಿ ಸಿಕ್ಕಿಕೊಳ್ತಾರೋ ಅದನ್ನೇ ಬರೆಯಿರಿ.

ನಾನು ನೋಡುವ ರೆಸ್ಯೂಮ್‌ಗಳಲ್ಲಿ ಪ್ರಾಜೆಕ್ಟ್ ಭಾಗವೇ ಎಲ್ಲಕ್ಕಿಂತ ಸಪ್ಪೆ. ಕೆಮಿಸ್ಟ್ರಿ ಬಿ.ಎಸ್ಸಿ ಹುಡುಗ 'ವಾಟರ್ ಅನಾಲಿಸಿಸ್' ಅಂತ ಎರಡು ಪದ ಬರೆದು ಬಿಟ್ಟಿರ್ತಾನೆ. ಕೂರಿಸಿಕೊಂಡು ಕೇಳಿದರೆ ತನ್ನ ಊರಿನ ಬೋರ್‌ವೆಲ್ ನೀರು ತಂದು ಇಡಿಟಿಎ ಟೈಟ್ರೇಷನ್‌ನಲ್ಲಿ ಗಡಸುತನ ಅಳೆದಿರ್ತಾನೆ, ಎರಿಯೋಕ್ರೋಮ್ ಬ್ಲ್ಯಾಕ್ ಟಿ ಹಾಕಿದರೆ ಕೆಂಪು ಹೋಗಿ ನೀಲಿ ಬರೋದು ಎಲ್ಲಿ ಅಂತ ಕಣ್ಣಾರೆ ನೋಡಿರ್ತಾನೆ, ಪಿಎಚ್ 10ರಲ್ಲೇ ಯಾಕೆ ಮಾಡಬೇಕು ಅನ್ನೋದೂ ಗೊತ್ತಿರುತ್ತೆ. ನನಗೆ ಬೇಕಾದ ಹುಡುಗ ಅವನೇ! ಅದು ಕಾಗದದ ಮೇಲೆ ಇರಲ್ಲ, ಹಾಗಾಗಿ ಅವನನ್ನ ಕರೆಯೋದೇ ಇಲ್ಲ. 'ಹಳ್ಳಿಯ ಬೋರ್‌ವೆಲ್ ನೀರಿನ ಮಾದರಿಗಳ ಗಡಸುತನವನ್ನು ಇಡಿಟಿಎ ಟೈಟ್ರೇಷನ್‌ನಿಂದ ಅಳೆದೆ, ಪ್ರತಿ ಮಾದರಿಗೂ ಮೂರು ಸಲ ರೀಡಿಂಗ್ ತಗೊಂಡೆ, ಫಲಿತಾಂಶವನ್ನು ಕುಡಿಯುವ ನೀರಿನ ಮಿತಿಯ ಜೊತೆ ಹೋಲಿಸಿದೆ' ಅಂತ ಇಂಗ್ಲಿಷ್‌ನಲ್ಲಿ ಎರಡು ಸಾಲು ಬಂದರೆ ಸಾಕು. ಏನು ಮಾಡಿದೆ, ಯಾವುದರಿಂದ ಮಾಡಿದೆ, ಏನು ಬಂತು, ಅಷ್ಟೇ. ಮಾಡದೇ ಇದ್ದದ್ದು ಬರೀಬಾರದು, ಇಂಡಿಕೇಟರ್ ಯಾವುದು ಅಂತ ಕೇಳಿದ ಕೂಡಲೇ ಗೊತ್ತಾಗಿಬಿಡುತ್ತೆ.

ಇನ್ನೊಂದು, ಟೆಂಪ್ಲೇಟ್‌ನಲ್ಲಿ Objective ಸಾಲು ತುಂಬಿಸಿ ಕೊಡಬೇಡಿ. ಒಂದೇ ಸಾಲು ಹತ್ತಾರು ರೆಸ್ಯೂಮ್‌ಗಳಲ್ಲಿ ಹಾಗೇ ಬರುತ್ತೆ. ಅಲ್ಲಿ ಖಾಲಿ ಗೆರೆ ಬಿಡಿ.

ಪ್ಲೇಸ್‌ಮೆಂಟ್‌ನವರು ಮತ್ತೆ

ಒಪ್ಪಿದೆ ಸರ್. ಮೇಡಂ, ನಾನಾದರೆ ಹೀಗೆ ಬರೀತೀನಿ, ಸಮಯ ನಿಮ್ಮ ವಿಡಿಯೊ ನೋಡಿ ಬದಲಿಸಿಕೊಳ್ಳಿ:

ಕೆಲಸದ ಅನುಭವ ಇಲ್ಲದ ಡಿಗ್ರಿ ಹುಡುಗರಿಗೆ, ಖಾಸಗಿ ಕೆಲಸಕ್ಕೆ ಒಂದು ಪುಟದ ರೆಸ್ಯೂಮ್.
ಟೆಂಪ್ಲೇಟ್, ನಿಮ್ಮದೇ ಪ್ರತಿ ಮಾಡಿಕೊಳ್ಳಿ: (ಮೊದಲ ಲಿಂಕ್)
ವರ್ಡ್ ಫೈಲ್: (ಎರಡನೇ ಲಿಂಕ್)
0:00 ಹೆಸರು, ಫೋನ್, ಇಮೇಲ್: ಯಾವ ಇಮೇಲ್ ಕೊಡಬೇಕು
2:10 Objective: ಯಾವ ಕೆಲಸಕ್ಕೆ ಹಾಕ್ತಿದ್ದೀರೋ ಅದರ ಹೆಸರಿನೊಂದಿಗೆ
4:00 ಓದು: ಡಿಗ್ರಿ ಮೇಲೆ, ಎಸ್ಸೆಸ್ಸೆಲ್ಸಿ ಕೆಳಗೆ; ಬ್ಯಾಕ್‌ಲಾಗ್ ಇದ್ದರೆ ಏನು ಮಾಡಬೇಕು
7:30 ಪ್ರಾಜೆಕ್ಟ್: ಎರಡು ಪದವನ್ನು ಎರಡು ಸಾಲು ಮಾಡೋದು
12:15 ಕೌಶಲ: 'ಎಂ.ಎಸ್. ಆಫೀಸ್' ಅಂತ ಬಿಟ್ಟು ಎಕ್ಸೆಲ್‌ನಲ್ಲಿ ಏನು ಬರುತ್ತೆ ಅಂತ ಹೇಳೋದು
15:00 ಪಿಡಿಎಫ್ ಮಾಡಿ ಫೈಲಿಗೆ ನಿಮ್ಮ ಹೆಸರಿಡೋದು

ಮೊದಲ ಸಮಯ 0:00 ಇರಲೇಬೇಕು, ಕನಿಷ್ಠ ಮೂರು ಇರಬೇಕು, ಒಂದೊಂದೂ 10 ಸೆಕೆಂಡಿಗಿಂತ ಕಡಿಮೆ ಇರಬಾರದು. ಇಲ್ಲದಿದ್ದರೆ ವಿಡಿಯೊ ಅಧ್ಯಾಯಗಳಾಗಿ ಒಡೆಯಲ್ಲ. ಇದನ್ನೇ ಶಾರ್ಟ್ಸ್ ಮಾಡಿದರೆ ಅಲ್ಲಿನ ಡಿಸ್ಕ್ರಿಪ್ಷನ್‌ನ ಲಿಂಕ್ ಒತ್ತಿದರೆ ತೆರೆಯಲ್ಲ, ಅದಕ್ಕೆ ಟೆಂಪ್ಲೇಟ್ ಲಿಂಕ್ ಉದ್ದ ವಿಡಿಯೊಗೇ ಇರಲಿ.

ವಿಳಾಸದ ವಿಷಯ ಒಂದಿದೆ. ಕೆಲವರ ಹಳೆ ದಾಖಲೆಯಲ್ಲಿ ಗುಲ್ಬರ್ಗ ಅಂತಿದೆ, 2014ರಿಂದ ಊರು ಕಲಬುರಗಿ. ಈಗಿನ ವಿಳಾಸಕ್ಕೆ ಕಲಬುರಗಿ ಬರೀಲಿ, ವಿಶ್ವವಿದ್ಯಾಲಯದ ಹೆಸರು ಮಾತ್ರ ಗುಲ್ಬರ್ಗ ಅಂತಲೇ ಇದೆ, ಅದನ್ನ ತಿದ್ದಬಾರದು. ಇನ್ನು ಹುಟ್ಟಿದ ದಿನಾಂಕ, ತಂದೆ ಹೆಸರು, ಕೆಳಗಿನ ಡಿಕ್ಲರೇಷನ್ ಎಲ್ಲ ತೆಗೆದುಬಿಡಿ, ಬೆಂಗಳೂರಿನ ಐಟಿಯವರು ಅದನ್ನ ನೋಡಲ್ಲ.

ಬೀದರ್‌ನವರು ಮತ್ತೆ

ಅದೊಂದು ನಾನು ಒಪ್ಪಲ್ಲ. ನಮ್ಮಂಥ ಕಾರ್ಖಾನೆಗೆ ವಾಕ್-ಇನ್ ಬರುವವರ ಹತ್ತಿರ ಹುಟ್ಟಿದ ದಿನಾಂಕ ಕೇಳೇ ಕೇಳ್ತೀವಿ, ಸಹಿ ಮಾಡಿದ ಡಿಕ್ಲರೇಷನ್ ಕೂಡ. ಇಲ್ಲದಿದ್ದರೆ ಗೇಟ್ ಹತ್ತಿರ ಪೆನ್ನಲ್ಲಿ ಬರೆಸಿಕೊಳ್ತಾರೆ, ಚೆನ್ನಾಗಿ ಕಾಣಲ್ಲ.

ಕೇಳಿದವರು

ನನ್ನ ಲಿಂಕ್ Editor ಅಂತಲೇ ಇತ್ತು, ಈಗ Viewer ಮಾಡಿದೆ, copy ಲಿಂಕ್ ಅಕ್ಕನ ಫೋನಲ್ಲಿ ತೆಗೆದು ನೋಡಿದೆ, ಬಂತು. ಡಿಕ್ಲರೇಷನ್ ಇರುವುದೊಂದು, ಇಲ್ಲದ್ದೊಂದು, ಎರಡು ಟೆಂಪ್ಲೇಟ್ ಹಾಕಬೇಕಾ ಅಂತ ಯೋಚಿಸ್ತಿದ್ದೇನೆ. ಬೇರೆ ಕಾರ್ಖಾನೆಗಳಲ್ಲಿ, ಅಂಗಡಿ ಅಕೌಂಟ್ಸ್ ಕೆಲಸಕ್ಕೆ ಏನು ಕೇಳ್ತಾರೆ ಅಂತ ಗೊತ್ತಿದ್ದವರು ಹೇಳ್ತೀರಾ?