ಕಾಕು ಹೇಳಿದ 92.4 ಪರ್ಸೆಂಟ್‌ನಲ್ಲಿ ಗಣಿತ ಎಲ್ಲಿ ಹೋಯಿತು?

ನವನಗರದ ನಿದ್ರಾಪ್ರಿಯ (ಬಾಗಲಕೋಟೆ)
ಎಸ್ಸೆಸ್ಸೆಲ್ಸಿಯಲ್ಲಿ ನನಗೆ 625ಕ್ಕೆ 571 ಬಂದಿವೆ. ಬೆಳಗಾವಿಯಲ್ಲಿ ಸಿಬಿಎಸ್‌ಇ ಓದಿದ ಕಾಕಾನ ಮಗನಿಗೆ 500ಕ್ಕೆ 462 ಬಂದಿವೆ. “ನಮ್ಮವ ಬರೇ 38 ಕಳಕೊಂಡಾನ, ನೀ 54 ಕಳಕೊಂಡೀ” ಎಂದು ಕಾಕು ಮನೆತನದ ವಾಟ್ಸಾಪ್ ಗುಂಪಿನಲ್ಲಿ ತೀರ್ಪು ಬರೆದಿದ್ದಾರೆ. ಸಂಜೆ ಅವರು ಅಮೀನಗಡದ ಕರದಂಟು ಹಿಡಿದುಕೊಂಡು ಮನೆಗೆ ಬರುವವರಿದ್ದಾರೆ. ಅಷ್ಟರೊಳಗೆ ನಾನು ಏನು ಉತ್ತರ ಸಿದ್ಧಪಡಿಸಿಕೊಳ್ಳಬೇಕು?

ಇಂಡಿ ಲಿಂಬೆಹಣ್ಣು (ವಿಜಯಪುರ)
ಕಳೆದುಕೊಂಡ ಅಂಕಗಳನ್ನು ಎಣಿಸುವುದು ತಪ್ಪು, ಏಕೆಂದರೆ ನಿಮ್ಮ ಒಟ್ಟು ಅಂಕಗಳೇ 125 ಹೆಚ್ಚು. 462ನ್ನು 1.25ರಿಂದ ಗುಣಿಸಿದರೆ 577.5 ಆಗುತ್ತದೆ. ಆದ್ದರಿಂದ ಕಾಕು ಅವರ ದಾರಿ ತಪ್ಪಾಗಿದ್ದರೂ ಅವರು ತಲುಪಿದ ಊರು ಸರಿಯಾಗಿಯೇ ಇದೆ, ನೀವು ಆರೂವರೆ ಅಂಕಗಳಿಂದ ಸೋತಿದ್ದೀರಿ. ಕರದಂಟು ತಿಂದು ಸುಮ್ಮನಿರುವುದು ಉತ್ತಮ.

ಗೋಕಾಕದ ಹಿರಿಯರು
ತಮ್ಮಾ, ನಿನ್ನ ಅಂಕಪಟ್ಟಿಯ ಚಿತ್ರವನ್ನು ನೋಡಿದೆ. ಕನ್ನಡದಲ್ಲಿ 123 ಎಂದಿದೆ. ನೂರಕ್ಕೆ 123 ಅಂಕಗಳನ್ನು ಕೊಟ್ಟ ಮಾಸ್ತರರು ಯಾರು? ನಮ್ಮ ಕಾಲದಲ್ಲಿ ನೂರಕ್ಕೆ 60 ಬಂದರೆ ಓಣಿಗೆಲ್ಲ ಪೇಡೆ ಹಂಚುತ್ತಿದ್ದೆವು. ಈ ಅನ್ಯಾಯದ ವಿರುದ್ಧ ಯಾರೂ ದನಿ ಎತ್ತದಿರುವುದು ನನಗೆ ಬೇಸರ ತಂದಿದೆ.

ಗಣಿತದ ಅಕ್ಕೋರು (ಜಮಖಂಡಿ)
ಹಿರಿಯರೇ, ಪ್ರಥಮ ಭಾಷೆಗೆ 125 ಅಂಕಗಳು, ಉಳಿದ ಐದು ವಿಷಯಗಳಿಗೆ ತಲಾ 100. ಹೀಗಾಗಿಯೇ ಒಟ್ಟು 625. ಮಾಸ್ತರರು ನಿರಪರಾಧಿಗಳು.

ನಿದ್ರಾಪ್ರಿಯ, ಒಂದು ಸಣ್ಣ ವಿಷಯ ತಿಳಿಸು. ನಿಮ್ಮ ಕಾಕಾನ ಮಗ ಐದು ವಿಷಯ ಬರೆದಿದ್ದಾನೋ, ಆರೋ? ಗುಂಪಿನಲ್ಲಿ ಅಂಕಪಟ್ಟಿಯನ್ನು ಹಾಕಿದ್ದಾರೋ ಅಥವಾ ಬರೀ ಮೊತ್ತವನ್ನು ಬರೆದಿದ್ದಾರೋ?

ನವನಗರದ ನಿದ್ರಾಪ್ರಿಯ
ಮೊದಲು ಬರೀ ಮೊತ್ತವಿತ್ತು. ನಿಮ್ಮ ಪ್ರಶ್ನೆಯನ್ನು ನೋಡಿ ಅಜ್ಜಿಯ ಮೂಲಕ ಅಂಕಪಟ್ಟಿಯನ್ನೇ ತರಿಸಿಕೊಂಡೆ. ಅಜ್ಜಿ ಕೇಳಿದರೆ ಕಾಕು ಇಲ್ಲವೆನ್ನುವುದಿಲ್ಲ. ಅವನಿಗೆ ಇಂಗ್ಲಿಷ್ 93, ಕನ್ನಡ 97, ಗಣಿತ 79, ವಿಜ್ಞಾನ 84, ಸಮಾಜ 90, ಐಟಿ 98. ನನಗೆ ಕನ್ನಡ 123, ಇಂಗ್ಲಿಷ್ 93, ಹಿಂದಿ 99, ಗಣಿತ 82, ವಿಜ್ಞಾನ 84, ಸಮಾಜ 90.

ಗಣಿತದ ಅಕ್ಕೋರು
ಹಾಗಾದರೆ 462 ಹೇಗೆ ಬಂತೆಂದು ಈಗ ತಿಳಿಯಿತು. ಆರೂ ವಿಷಯಗಳನ್ನು ಕೂಡಿಸಿದರೆ 541 ಆಗುತ್ತದೆ. ಅದರಲ್ಲಿ ಎಲ್ಲಕ್ಕಿಂತ ಕಡಿಮೆ ಇರುವ 79ನ್ನು ಕಳೆದರೆ ಉಳಿಯುವುದು 462. ಎಂದರೆ ಕಾಕು ಹೇಳುತ್ತಿರುವ 92.4 ಪರ್ಸೆಂಟ್‌ನಲ್ಲಿ ಐಟಿ ಇದೆ, ಗಣಿತ ಇಲ್ಲ.

ಇಂಡಿ ಲಿಂಬೆಹಣ್ಣು
ಅದು ಕಾಕು ಮಾಡಿದ ಮೋಸವಲ್ಲ, ಅಕ್ಕೋರೇ. ಉತ್ತಮ ಐದು ವಿಷಯಗಳನ್ನು ಹಿಡಿದು ಪರ್ಸೆಂಟ್ ತೆಗೆಯುವುದು ಆ ಮಂಡಳಿಯದೇ ನಿಯಮ. ಆರನೆಯ ವಿಷಯವು ಬಿದ್ದ ವಿಷಯದ ಜಾಗಕ್ಕೆ ಬರುತ್ತದೆ ಎಂದು ನಾನೇ ಓದಿದ್ದೇನೆ.

ಗಣಿತದ ಅಕ್ಕೋರು
ನೀವು ಓದಿರುವುದು ನಿಜ, ಆದರೆ ಅದು ಬೇರೆ ಸಂದರ್ಭಕ್ಕೆ ಸೇರಿದ್ದು. ಗಣಿತ, ವಿಜ್ಞಾನ, ಸಮಾಜ ಈ ಮೂರರಲ್ಲಿ ಒಂದರಲ್ಲಿ ಅನುತ್ತೀರ್ಣನಾದ ವಿದ್ಯಾರ್ಥಿಯು ಆರನೆಯದಾಗಿ ತೆಗೆದುಕೊಂಡ ಕೌಶಲ ವಿಷಯದಲ್ಲಿ ಪಾಸಾಗಿದ್ದರೆ, ಅದನ್ನು ಅದರ ಬದಲಿಗೆ ಪರಿಗಣಿಸುತ್ತಾರೆ. ಈ ಹುಡುಗನಿಗೆ ಗಣಿತದಲ್ಲಿ 79 ಬಂದಿವೆ, ಅವನು ಯಾವುದರಲ್ಲಿಯೂ ಬಿದ್ದಿಲ್ಲ. ಇನ್ನು ಒಟ್ಟಾರೆ ಪರ್ಸೆಂಟ್ ಎಂಬುದನ್ನು ಸಿಬಿಎಸ್‌ಇ ಲೆಕ್ಕ ಹಾಕಿ ಕೊಡುವುದೇ ಇಲ್ಲ. ಆದ್ದರಿಂದ 92.4 ಎಂಬುದು ಮಂಡಳಿಯ ಲೆಕ್ಕವಲ್ಲ, ಮನೆಯ ಲೆಕ್ಕ.

ಈಗ ಇಬ್ಬರಿಗೂ ಒಂದೇ ತಕ್ಕಡಿಯನ್ನು ಹಿಡಿಯೋಣ. ಎಲ್ಲ ವಿಷಯಗಳನ್ನೂ ಸೇರಿಸಿದರೆ ಅವನದು 600ಕ್ಕೆ 541, ಅಂದರೆ 90.17. ನಿದ್ರಾಪ್ರಿಯನದು 91.36. ಇಲ್ಲ, ಕಡಿಮೆ ಬಂದ ಒಂದು ವಿಷಯವನ್ನು ಬಿಡೋಣ ಎನ್ನುವುದಾದರೆ ನಿದ್ರಾಪ್ರಿಯನೂ ತನ್ನ ಗಣಿತವನ್ನು ಬಿಡಲಿ. ಆಗ 525ಕ್ಕೆ 489 ಉಳಿಯುತ್ತವೆ, ಅಂದರೆ 93.14. ಅವನದು 92.4ರಲ್ಲಿಯೇ ನಿಲ್ಲುತ್ತದೆ. ಕಾಕು ಮಾಡಿದ್ದು ಇಷ್ಟೇ: ತಮ್ಮ ಮಗನ ಗಣಿತವನ್ನು ಒಳಮನೆಯಲ್ಲಿ ಕೂಡ್ರಿಸಿ, ನಿದ್ರಾಪ್ರಿಯನ ಗಣಿತವನ್ನು ಮಾತ್ರ ಪಡಸಾಲೆಗೆ ಕರೆದರು.

ಟಿಳಕವಾಡಿ ಟಾಪರ್ ಅಲ್ಲದವನು (ಬೆಳಗಾವಿ)
ನಾನು ಸಹ ಸಿಬಿಎಸ್‌ಇ ಹುಡುಗ, ಆದ್ದರಿಂದ ಆ ಕಾಕಾನ ಮಗನ ಪರವಾಗಿ ಮಾತನಾಡಲೇಬೇಕು. ಈ ಲೆಕ್ಕವನ್ನು ನಾವು ಮಾಡುವುದಿಲ್ಲ. ಫಲಿತಾಂಶ ಬಂದ ಕೆಲವೇ ಕ್ಷಣಗಳಲ್ಲಿ ನಮ್ಮ ಅವ್ವ ಲಗ್ನಪತ್ರಿಕೆಯ ಹಿಂದೆ ಪೆನ್ಸಿಲ್ಲಿನಿಂದ ಮೂರು ಬಗೆಯ ಮೊತ್ತಗಳನ್ನು ಬರೆದು, ಎಲ್ಲಕ್ಕಿಂತ ದೊಡ್ಡದರ ಸುತ್ತ ಗೋಲು ಹಾಕಿ, ಉಳಿದೆರಡನ್ನು ರಬ್ಬರಿನಿಂದ ಅಳಿಸಿದರು. ನಾನು ಪಕ್ಕದಲ್ಲಿಯೇ ಇದ್ದೆ, ಆದರೆ ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಇಷ್ಟಕ್ಕೂ ಐಟಿಯ ನೂರು ಅಂಕಗಳಲ್ಲಿ ಐವತ್ತು ಲಿಖಿತ ಪರೀಕ್ಷೆಗೆ ಇರುತ್ತವೆ, ಅದನ್ನು ನಾವು ಓದಿಯೇ ಬರೆದಿರುತ್ತೇವೆ. ಓದಿದ ವಿಷಯವನ್ನು ಎಣಿಸಿದರೆ ತಪ್ಪೇನು?

ಚಿಕ್ಕೋಡಿ ಎಕ್ಸ್‌ಪ್ರೆಸ್
ನಿಮ್ಮದು ಎರಡು ಮಂಡಳಿಗಳ ಜಗಳ. ನಮ್ಮ ಮನೆಯಲ್ಲಿ ಒಂದೇ ಮಂಡಳಿ, ಒಂದೇ ಜಿಲ್ಲೆ, ಆದರೂ ಶಾಂತಿ ಇಲ್ಲ. ಶಿಕ್ಷಣ ಇಲಾಖೆಯು ಚಿಕ್ಕೋಡಿಯನ್ನು ಬೆಳಗಾವಿಯಿಂದ ಬೇರೆ ಶೈಕ್ಷಣಿಕ ಜಿಲ್ಲೆಯಾಗಿ ಎಣಿಸುವುದರಿಂದ, ಪ್ರತಿ ವರ್ಷ ಜಿಲ್ಲಾವಾರು ಪಟ್ಟಿ ಬಂದಕೂಡಲೇ ಬೆಳಗಾವಿಯ ಅತ್ತಿ ಮತ್ತು ಚಿಕ್ಕೋಡಿಯ ಮಾವಶಿ ಮಕ್ಕಳ ಅಂಕಗಳನ್ನು ಬಿಟ್ಟು ಜಿಲ್ಲೆಗಳನ್ನೇ ಹೋಲಿಸಲು ಆರಂಭಿಸುತ್ತಾರೆ. ಇನ್ನೊಂದು ಮಾತು: ನಿಮ್ಮ ನೋಂದಣಿ ಸಂಖ್ಯೆಯನ್ನು ಯಾರಿಗೂ ಕೊಡಬೇಡಿ. ಫಲಿತಾಂಶ ನೋಡಲು ಆ ಸಂಖ್ಯೆಯ ಜೊತೆಗೆ ಜನ್ಮದಿನಾಂಕ ಬೇಕು, ಮತ್ತು ನಿಮ್ಮ ತೊಟ್ಟಿಲ ಕಾರ್ಯಕ್ರಮದಲ್ಲಿ ಹಾಡು ಹೇಳಿದ ಅತ್ತಿಗೆ ಅದು ನಿಮಗಿಂತ ಚೆನ್ನಾಗಿ ನೆನಪಿರುತ್ತದೆ. ನನ್ನ ಫಲಿತಾಂಶವನ್ನು ನಾನು ಅತ್ತಿಯ ಸ್ಟೇಟಸ್ಸಿನಲ್ಲಿಯೇ ಮೊದಲು ನೋಡಿದೆ.

ಗೋಕಾಕದ ಹಿರಿಯರು
125 ಅಂಕಗಳ ವಿಷಯ ತಿಳಿಯಿತು, ಧನ್ಯವಾದಗಳು. ಆದರೆ ಒಂದು ಭಾಷೆಗೆ 25 ಹೆಚ್ಚು ಕೊಟ್ಟು, ಆ ಭಾಷೆಯಲ್ಲಿ ಹುಡುಗ ಎರಡೇ ಅಂಕ ಕಳೆದುಕೊಂಡಿದ್ದರೆ, ಅವನ ಪರ್ಸೆಂಟ್ ತಾನೇ ಏರುತ್ತದೆಯಲ್ಲವೇ? ಹಾಗಿದ್ದ ಮೇಲೆ ಅಕ್ಕೋರ ತಕ್ಕಡಿಯೂ ಸ್ವಲ್ಪ ವಾಲಿದೆ.

ಗಣಿತದ ಅಕ್ಕೋರು
ಹಿರಿಯರು ಈ ಸಲ ಸರಿಯಾದ ಗಂಟನ್ನೇ ಹಿಡಿದಿದ್ದಾರೆ. ಕನ್ನಡವನ್ನೂ ನೂರಕ್ಕೆ ಇಳಿಸಿದರೆ 98.4 ಆಗುತ್ತದೆ, ಆಗ ನಿದ್ರಾಪ್ರಿಯನ ಸರಾಸರಿ 91.36ರಿಂದ ಸುಮಾರು 91.07ಕ್ಕೆ ಇಳಿಯುತ್ತದೆ. ಆದರೂ ಅವನೇ ಮುಂದಿದ್ದಾನೆ. ಆದರೆ ಪ್ರಶ್ನೆಪತ್ರಿಕೆಗಳೇ ಬೇರೆಯಾಗಿರುವಾಗ ಈ ಒಂದು ಪರ್ಸೆಂಟಿನ ಅಂತರಕ್ಕೆ ನಾನು ಯಾವ ಬೆಲೆಯನ್ನೂ ಕೊಡುವುದಿಲ್ಲ. ನನ್ನ ತಕರಾರು ಇರುವುದು ಒಬ್ಬನಿಗೆ ಆರು, ಇನ್ನೊಬ್ಬನಿಗೆ ಐದು ಎಂಬ ಎಣಿಕೆಗೆ ಮಾತ್ರ.

ಇಂಡಿ ಲಿಂಬೆಹಣ್ಣು
ನಿಯಮದ ವಿಷಯವನ್ನು ಒಪ್ಪುತ್ತೇನೆ. ಆದರೆ ಮನೆಯ ಲೆಕ್ಕವನ್ನು ಮನೆಯಲ್ಲಿ ಹೇಳಬಾರದು ಎಂದು ಯಾರು ಹೇಳಿದ್ದಾರೆ? ಈ ಮಾತಿಗೆ ನಾನು ಈಗಲೂ ಬದ್ಧನಾಗಿದ್ದೇನೆ.

ನವನಗರದ ನಿದ್ರಾಪ್ರಿಯ
ಕಾಕು ಬಂದು ಹೋದರು. 541ರ ಲೆಕ್ಕವನ್ನು ತೋರಿಸಿದೆ. ಅವರು ಫೋನಿನ ಕ್ಯಾಲ್ಕುಲೇಟರಿನಲ್ಲಿ ತಾವೇ ಎರಡು ಸಲ ಕೂಡಿಸಿ ನೋಡಿದರು, ನಂತರ ಫೋನನ್ನು ಮಗುಚಿ ಇಟ್ಟು, “ಅದೆಲ್ಲಾ ಇರಲಿ, ನಿನಗ ಗಣಿತದಾಗ 82 ಯಾಕ ಬಿದ್ದಾವ? ಉತ್ತರಪತ್ರಿಕೆ ತರಿಸು” ಎಂದರು. ಈಗ ಅಪ್ಪನಿಗೂ ಆ ಮಾತು ಹಿಡಿಸಿಬಿಟ್ಟಿದೆ.

ಗಣಿತದ ಅಕ್ಕೋರು
ತರಿಸುವುದಾದರೆ ಮೊದಲು ಉತ್ತರಪತ್ರಿಕೆಯ ಪ್ರತಿಗೆ ಅರ್ಜಿ ಹಾಕಬೇಕು, ಅದನ್ನು ನೋಡಿದ ಮೇಲೆ ಮರುಮೌಲ್ಯಮಾಪನದ ಮಾತು. ಗಣಿತದ ನೂರರಲ್ಲಿ 80 ಮಾತ್ರ ಲಿಖಿತ ಪರೀಕ್ಷೆಯದು, 20 ಶಾಲೆಯ ಆಂತರಿಕ ಅಂಕಗಳು. ಆಂತರಿಕದಲ್ಲಿ ನಿನಗೆ 19 ಬಂದಿದ್ದರೆ ಪತ್ರಿಕೆಯಲ್ಲಿ ಹುಡುಕಬೇಕಾದದ್ದು 63ರ ಆಚೆಗಿನ 17 ಅಂಕಗಳನ್ನು. ಪ್ರತಿ ಬಂದಾಗ ಕೂಡಿಕೆಯನ್ನು ಮೊದಲು ನೋಡು, ಬಿಟ್ಟುಹೋದ ಉತ್ತರ ಇದೆಯೇ ಎಂದು ಆಮೇಲೆ ನೋಡು. ಅದನ್ನು ಕಾಕು ಅವರ ಕೈಗೆ ಮಾತ್ರ ಕೊಡಬೇಡ.