ಪದಚರ್ಚೆ: ಜಿಎಂಟಿ, ಯುಟಿಸಿ ಎರಡೂ ಒಂದೇನಾ?

ಎಲ್ಲರಿಗೂ ನಮಸ್ಕಾರ. ಕಳೆದ ಜುಲೈನಲ್ಲಿ ಲಂಡನ್ನಿನವರೊಬ್ಬರು ಮೀಟಿಂಗಿಗೆ ‘ಮಧ್ಯಾಹ್ನ 3 ಗಂಟೆ, ಜಿಎಂಟಿ’ ಎಂದು ಮೇಲ್ ಹಾಕಿದ್ದರು. ನಾನು ಬೆಂಗಳೂರಿನಲ್ಲಿ ಐದೂವರೆ ಗಂಟೆ ಕೂಡಿಸಿ ರಾತ್ರಿ ಎಂಟೂವರೆಗೆ ಬಂದು ಕೂತೆ. ಅಷ್ಟರಲ್ಲಿ ಎಲ್ಲರೂ ಮಾತು ಮುಗಿಸಿ ಎದ್ದು ಹೋಗಿದ್ದರು, ಮೀಟಿಂಗ್ ಏಳೂವರೆಗೇ ಇತ್ತಂತೆ. ‘ಯುಟಿಸಿ ಅಂತ ಬರೆದಿದ್ದರೆ ಹೀಗಾಗ್ತಿರಲಿಲ್ಲ’ ಎಂದರು ಗೆಳೆಯರೊಬ್ಬರು. ಎರಡೂ ಒಂದೇ ಅಲ್ವಾ? ಬೇರೆಯಾದರೆ ಕನ್ನಡದಲ್ಲಿ ಏನೆನ್ನೋಣ?

> ಒಂದೇ ರೀ. ಬಾಂಬೆ ಹೋಗಿ ಮುಂಬೈ ಬಂದ ಹಾಗೆ, ಹಳೇ ಹೆಸರು ಹೋಗಿ ಹೊಸದು ಬಂದಿದೆ. ಕೂಡಿಸುವಾಗ ನೀವೇ ಎಡವಿರಬೇಕು.

ಅವರು ಕೂಡಿಸಿದ್ದು ಸರಿಯಾಗಿಯೇ ಇದೆ ಸರ್. ತಪ್ಪಿದ್ದು ಮೇಲ್ ಬರೆದವರು. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಲಂಡನ್ ಗಡಿಯಾರ ಒಂದು ಗಂಟೆ ಮುಂದಿರುತ್ತದೆ, ಆಗ ಅದರ ಹೆಸರು ಬಿಎಸ್‌ಟಿ. ಜುಲೈನಲ್ಲಿ ಅಲ್ಲಿ ಜಿಎಂಟಿ ನಡೆಯುವುದೇ ಇಲ್ಲ. ಆದರೆ ಅಲ್ಲಿನ ಎಷ್ಟೋ ಜನಕ್ಕೆ ಜಿಎಂಟಿ ಅಂದರೆ ಸುಮ್ನೆ ‘ನಮ್ಮೂರ ಟೈಮು’.

ಜಿಎಂಟಿ ಈಗ ಒಂದು ವಲಯದ ಹೆಸರು. ಬ್ರಿಟನ್ನಿನಲ್ಲಿ ಚಳಿಗಾಲಕ್ಕೆ, ಘಾನಾದಲ್ಲಿ ವರ್ಷವಿಡೀ ಅದೇ. ಯುಟಿಸಿ ಯಾವ ಊರಿನದೂ ಅಲ್ಲ. ಅದು ಅಳತೆಗೋಲು, ಪರಮಾಣು ಗಡಿಯಾರಗಳಿಂದ ಬರುವುದು. ಐಎಸ್‌ಟಿಯನ್ನು ಅಳೆಯುವುದೂ ಅದರಿಂದಲೇ. ಹಳೇ ಜಿಎಂಟಿ ಮಾತ್ರ ಭೂಮಿಯ ತಿರುಗಾಟ ನೋಡಿ ಲೆಕ್ಕ ಹಾಕಿದ್ದು. ಭೂಮಿ ಒಂದೇ ಸಮ ತಿರುಗುವುದಿಲ್ಲವಲ್ಲ, ಹಾಗಾಗಿ 1972ರಿಂದ ಆಗಾಗ ಯುಟಿಸಿಗೆ ಒಂದು ಸೆಕೆಂಡು ಸೇರಿಸಿ ಎರಡರ ಅಂತರ 0.9 ಸೆಕೆಂಡು ಮೀರದಂತೆ ನೋಡಿಕೊಂಡಿದ್ದಾರೆ. ಗೊಂದಲ ಹುಟ್ಟುವುದೇ ಇಲ್ಲಿ. ಕೈಗಡಿಯಾರದಲ್ಲಿ ಎರಡೂ ಒಂದೇ ತೋರಿಸುತ್ತವೆ, ಆಮೇಲೆ ಜಿಎಂಟಿ ಎಂಬ ಹೆಸರೇ ಬಹಳ ಕಾಲ ಅಳತೆಗೋಲಿಗೂ ಇತ್ತು. ಮುಂಬೈ ಹೋಲಿಕೆ ಅರ್ಧ ಮಾತ್ರ ನಿಜ ಅನ್ನುವುದು ಅದಕ್ಕೇ.

> ನನ್ನ ಕಥೆ ಕೇಳಿ. ವಿಂಡೋಸ್ ಸರ್ವರಿನಲ್ಲಿ `GMT Standard Time` ಆರಿಸಿ ನೆಮ್ಮದಿಯಾಗಿದ್ದೆ. ಏಪ್ರಿಲ್‌ನಲ್ಲಿ ಲಾಗ್ ಪೂರ್ತಿ ಒಂದು ಗಂಟೆ ಜರುಗಿತ್ತು. ಆ ಹೆಸರು ಲಂಡನ್ ಗಡಿಯಾರದ್ದಂತೆ, ಬೇಸಿಗೆ ಬದಲಾವಣೆ ಸಮೇತ. `UTC` ಬೇರೆಯಾಗಿ ಪಟ್ಟಿಯಲ್ಲೇ ಇತ್ತು, ನಾನು ನೋಡಿರಲಿಲ್ಲ.

> ಜಿಎಂಟಿಯ ‘ಎಂ’ ಮೆರಿಡಿಯನ್ ತಾನೇ? ‘ಗ್ರೀನಿಚ್ ರೇಖೆಯ ಸಮಯ’ ಅನ್ನಬಹುದಲ್ಲ.

ಅಲ್ಲ ಮೇಡಂ, ಅದು ‘ಮೀನ್’, ಸರಾಸರಿ. ನೆರಳುಗಡಿಯಾರದ ಮಧ್ಯಾಹ್ನ ವರ್ಷದಲ್ಲಿ ಹದಿನಾರು ನಿಮಿಷದವರೆಗೂ ಹಿಂದೆಮುಂದೆ ಆಗುತ್ತದೆ, ಅದನ್ನು ಸಮ ಮಾಡಿದ್ದು. ಯುಟಿಸಿ ಅಕ್ಷರಗಳಂತೂ ಯಾವ ಭಾಷೆಗೂ ಸರಿಹೊಂದವು. ‘ಕೋಆರ್ಡಿನೇಟೆಡ್ ಯೂನಿವರ್ಸಲ್ ಟೈಮ್’ ಎನ್ನುವ ಇಂಗ್ಲಿಷಿನವರಿಗೆ ಸಿಯುಟಿ ಬೇಕಿತ್ತು, ಫ್ರೆಂಚರಿಗೆ ಟಿಯುಸಿ, ಕೊನೆಗೆ ಇಬ್ಬರದ್ದೂ ಅಲ್ಲದ್ದು ಉಳಿಯಿತು.

ಪ್ರಶ್ನೆ ಕೇಳಿದವನು ನಾನೇ. ಜಿಎಂಟಿಗೆ ‘ಗ್ರೀನಿಚ್ ಸರಾಸರಿ ಸಮಯ’ ಒಪ್ಪಿದೆ. ಯುಟಿಸಿಗೆ ‘ಜಾಗತಿಕ ಸಮಯ’ ಅಂದರೆ ಅದೂ ಒಂದು ವಲಯದ ಹೆಸರಿನಂತೆಯೇ ಕೇಳಿಸುತ್ತದೆ. ‘ಸಮಯಮಾನ’ ನಡೆಯುತ್ತದಾ?

> ಯುಟಿಸಿ ಅಂತಲೇ ಬರೆಯಿರಿ ಮಾರಾಯ್ರೇ.