ಮ್ಯಾಚ್ ದಿನ ಇನ್‌ಹೇಲರ್ ಬಚ್ಚಿಡುವ ಮಗ: ನೀವೇನು ಮಾಡಿದಿರಿ?

ಬೌಲರ್ ಅಮ್ಮ: ಮಗ ಏಳನೇ ಕ್ಲಾಸು, ವೇಗದ ಬೌಲರ್. ಮ್ಯಾಚ್ ದಿನವೇ ಇನ್‌ಹೇಲರ್ ಕಾಣೆಯಾಗುತ್ತೆ. ಹೋದ ಸಲ ಶೂ ಡಬ್ಬದಲ್ಲಿ ಸಿಕ್ಕಿತು. ಜಗಳವಿಲ್ಲದೆ ಜೊತೆಗಿಟ್ಟುಕೊಳ್ಳೋ ಹಾಗೆ ಮಾಡೋದು ಹೇಗೆ?

ಪಿಟಿ ಮೇಷ್ಟ್ರು: ನನ್ನ ತಂಡದಲ್ಲೂ ಇಂಥವನೊಬ್ಬ ಇದ್ದ. ಅವನದು ನಾಚಿಕೆ ಅಲ್ಲ, ಲೆಕ್ಕಾಚಾರ. ಇನ್‌ಹೇಲರ್ ಕಂಡರೆ ನಾನು ಹೊಸ ಚೆಂಡು ಬೇರೆಯವರಿಗೆ ಕೊಟ್ಟುಬಿಡ್ತೀನಿ ಅಂತ. ಫೈನಲ್ ಬೆಳಿಗ್ಗೆ ಕಿಟ್‌ಬ್ಯಾಗಿನ ತಳದಲ್ಲಿದ್ದ ಹಳೇ ಪ್ಯಾಡಿನೊಳಗೆ ತುರುಕಿದ್ದ. ನಮ್ಮದು ಮೊದಲು ಬ್ಯಾಟಿಂಗ್. ಅದು ಮುಗಿದದ್ದೇ ಬ್ಯಾಗ್ ವ್ಯಾನಿನೊಳಗೆ, ಕೀಲಿ ಡ್ರೈವರ್ ಜೇಬಲ್ಲಿ, ಡ್ರೈವರ್ ಎಲ್ಲೋ.

ನಾಲ್ಕು ಓವರ್ ಚೆನ್ನಾಗೇ ಹಾಕಿದ. ಫೈನ್ ಲೆಗ್‌ಗೆ ಹೋಗಿ ನಿಂತ ಮೇಲೆ ಕೆಮ್ಮು ಶುರುವಾಯಿತು. ಓಡುವಾಗ ಸರಿಯಿದ್ದ ಅಂತ ಮೋಸಹೋಗಬೇಡಿ. ಈ ಥರದ ಉಬ್ಬಸ ಹೆಚ್ಚಾಗಿ ಓಟ ನಿಂತ ಐದು-ಹತ್ತು ನಿಮಿಷಕ್ಕೆ ಜೋರಾಗುತ್ತೆ. ನಾವು ಓಡಿಹೋಗುವಷ್ಟರಲ್ಲಿ ಮೊಣಕಾಲ ಮೇಲೆ ಕೈಯೂರಿ ಬಗ್ಗಿದ್ದ, ಉಸಿರಿಗೊಮ್ಮೆ ಹೆಗಲು ಏರುತ್ತಿತ್ತು. ಎಲ್ಲಿಟ್ಟಿದ್ದೀಯೋ ಅಂದರೆ "ಪ್ಯಾಡು" ಅಂದ. ಮುಂದೆ ಮಾತು ಹೊರಡಲಿಲ್ಲ.

ಎದುರು ತಂಡದಲ್ಲಿ ಪ್ಯಾಡ್ ಕಟ್ಟಿ ಕಾಯುತ್ತಿದ್ದ ಹುಡುಗ ಜೇಬಿಂದ ನೀಲಿ ಇನ್‌ಹೇಲರ್ ತೆಗೆದು ಓಡಿಬಂದ. ನಮ್ಮವನನ್ನು ನೆಟ್ಟಗೆ ಕೂರಿಸಿ, ಇನ್‌ಹೇಲರ್ ಅಲ್ಲಾಡಿಸಿ, ಒಂದೊಂದೇ ಪಫ್ ಕೊಟ್ಟೆವು, ನಡುವೆ ಅರ್ಧ ನಿಮಿಷ ಬಿಟ್ಟು. ನಾಲ್ಕನೆಯದಕ್ಕೆ ಮಾತು ಬಂತು. ಆ ಹುಡುಗ ಬಾಯಿಗಿಡೋ ಕಡೆ ಒರೆಸಿ ಇನ್‌ಹೇಲರನ್ನು ವಾಪಸ್ ಜೇಬಿಗಿಟ್ಟ, ವಿಕೆಟ್ ಬಿದ್ದಾಗ ಹಾಗೇ ಬ್ಯಾಟಿಂಗಿಗೆ ಹೋದ. ನಮ್ಮವನು ಅವನ ಜೇಬನ್ನೇ ನೋಡುತ್ತಾ ಕೂತಿದ್ದ. ನಮ್ಮವನು ಹಾಕಬೇಕಿದ್ದ ಉಳಿದ ಓವರುಗಳಲ್ಲಿ ರನ್ ಸೋರಿಹೋಗಿ ಸೋತೆವು. ನನಗಿನ್ನೂ ಹೊಟ್ಟೆ ಉರಿಯುತ್ತೆ.

ಮುಂದಿನ ಮ್ಯಾಚಿಂದ ಇನ್‌ಹೇಲರ್ ತೋರಿಸಿದರೇ ಹೊಸ ಚೆಂಡು. ಡಾಕ್ಟರ್ ಬರೆದುಕೊಟ್ಟಂತೆ ಆಟಕ್ಕೆ ಹದಿನೈದು ನಿಮಿಷ ಮುಂಚೆ ಎರಡು ಪಫ್. ಫೀಲ್ಡಿಂಗಲ್ಲಿ ಜಿಪ್ ಇರೋ ಜೇಬು, ಬೌಲಿಂಗಲ್ಲಿ ಕ್ಯಾಪಿನ ಜೊತೆ ಅಂಪೈರ್ ಕೈಗೆ. ಟಾಸ್ ಹೊತ್ತಿಗೇ ಅಂಪೈರಿಗೆ ಅವನೇ ಹೋಗಿ ಹೇಳಬೇಕು. ಮೊದಲ ಸಲ ನನ್ನ ಬೆನ್ನ ಹಿಂದೆ ನಿಂತಿದ್ದ, ಆಮೇಲೆ ತಾನೇ ಹೋಗತೊಡಗಿದ.

ಎರಡು ಮಕ್ಕಳ ತಾಯಿ: ಬೇರೆಯವರ ಔಷಧಿ ಕೊಟ್ಟಿದ್ದನ್ನ ಹೆಮ್ಮೆಯಿಂದ ಬರೀತೀರಲ್ಲ ಮೇಷ್ಟ್ರೇ! ನನ್ನ ಮಗನಿಗೆ ಯಾರಾದರೂ ಹಾಗೆ ಮಾಡಿದ್ದರೆ ಶಾಲೆ ಬಾಗಿಲಲ್ಲಿ ಕೂರ್ತಿದ್ದೆ.

ಪಿಟಿ ಮೇಷ್ಟ್ರು: ಬೀಗ ಒಡೆಯೋವರೆಗೂ ಕಾಯಬೇಕಿತ್ತಾ ಮೇಡಂ?

ಹಳೇ ಕೀಪರ್: ನಾನು ನರ್ಸ್, ಉಬ್ಬಸ ನನಗೂ ಇದೆ. ಅದೇ ನೀಲಿ ಔಷಧಿ, ಉಸಿರು ಸಿಗ್ತಿಲ್ಲ, ಅವನದು ಕೈಗೆ ಸಿಗ್ತಿಲ್ಲ ಅಂದಾಗ ಮೇಷ್ಟ್ರು ಮಾಡಿದ್ದು ಸರಿ. ಹತ್ತು ಪಫ್‌ಗೂ ಇಳಿಯದಿದ್ದರೆ, ತುಟಿ ನೀಲಿಯಾದರೆ ಆಂಬುಲೆನ್ಸ್. ಬೌಲರ್ ಅಮ್ಮ, ಬರೀ ಜೇಬಲ್ಲಿಟ್ಟರೆ ಸಾಲದು. ನಂದು ಮುಚ್ಚಳ ಕಳೆದು, ಎಳೆಯುವ ಮುಂಚೆ ನೋಡಿದರೆ ಒಳಗೆ ಮೈದಾನದ ಸಣ್ಣ ಕಲ್ಲು. ಎಳೆದಿದ್ದರೆ ಗಂಟಲಿಗೆ!

ಬಿಟ್ಟು ಬದುಕಿದವ: ಯಾರೂ ಹೇಳದ ಸತ್ಯ ಹೇಳ್ತೀನಿ. ದಿನಾ ನೀಲಿ ಎಳೆದರೆ ಅದರ ಬಲ ಕಮ್ಮಿಯಾಗುತ್ತೆ. ನಾನು ಬಿಟ್ಟೆ, ಹಬೆ ತಗೊಂಡೆ, ಗಟ್ಟಿಯಾಗಿದ್ದೀನಿ. ಮೇಲಾಗಿ ಅದು ಡೋಪಿಂಗ್. ಹುಡುಗ ಬಚ್ಚಿಡೋದರಲ್ಲಿ ತಪ್ಪೇನು?

ಹಳೇ ಕೀಪರ್: ಮೊದಲ ಮಾತು ನಿಜ, ಉಳಿದದ್ದಲ್ಲ. ಆಟದ ಮುಂಚಿನದು ಬಿಟ್ಟು ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ನೀಲಿ ಬೇಕಾಗ್ತಿದ್ದರೆ ಕಾಯಿಲೆ ಹಿಡಿತದಲ್ಲಿಲ್ಲ ಅಂತ ಅರ್ಥ. ಆಗ ಉಬ್ಬಸ ಬರದಂತೆ ದಿನಾ ತಗೊಳ್ಳೋ ತಡೆ ಇನ್‌ಹೇಲರ್ ವಿಷಯ ಡಾಕ್ಟರ ಹತ್ತಿರ ಮಾತಾಡಬೇಕು, ನೀಲಿ ಬಿಸಾಕೋದಲ್ಲ. ಹಬೆ ಉಬ್ಬಸಕ್ಕೆ ಮದ್ದಲ್ಲ. ಡೋಪಿಂಗ್ ನಿಯಮದಲ್ಲಿ ನೀಲಿ ಇನ್‌ಹೇಲರಿನಿಂದ ಎಳೆಯುವ ಔಷಧಿ ಸಾಲ್ಬುಟಮಾಲ್‌ಗೆ 24 ಗಂಟೆಗೆ 1600 ಮೈಕ್ರೋಗ್ರಾಂ, ಯಾವುದೇ 8 ಗಂಟೆಯಲ್ಲಿ 600 ಮೀರದಂತೆ ಅನುಮತಿ ಇದೆ. ಒಂದು ಪಫ್ ಸಾಮಾನ್ಯವಾಗಿ 100. ಇಂಗ್ಲೆಂಡಿನ ವೇಗದ ಬೌಲರ್ ಸ್ಟುವರ್ಟ್ ಬ್ರಾಡ್‌ಗೂ ಉಬ್ಬಸ, ಟೆಸ್ಟಲ್ಲಿ 604 ವಿಕೆಟ್.

ಬಿಟ್ಟು ಬದುಕಿದವ: ಬ್ರಾಡ್ ಹಿಂದೆ ಡಾಕ್ಟರುಗಳ ಸಾಲೇ ಇತ್ತು. ನಮಗೆ ಯಾರಿದ್ದಾರೆ?

ಎರಡು ಮಕ್ಕಳ ತಾಯಿ: ಅದೆಲ್ಲ ಇರಲಿ, ಖಾಲಿ ಡಬ್ಬ ಹೊತ್ತು ತಿರುಗಿದರೆ? ನಮ್ಮ ದೊಡ್ಡವನು ಸೆಮಿಫೈನಲ್ ಪೂರ್ತಿ ಖಾಲಿಯನ್ನೇ ಎಳೆದ, ಪುಸ್ ಅಂತ ಸದ್ದು ಬರ್ತಿತ್ತು. ಈಗ ಡಬ್ಬಿ ಬಿಚ್ಚಿ ನೀರಿಗೆ ಹಾಕ್ತೀನಿ, ತೇಲಿದರೆ ಖಾಲಿ.

ಹಳೇ ಕೀಪರ್: ಅಕ್ಕಾ, ದಯವಿಟ್ಟು ಬೇಡ. ಔಷಧಿ ಮುಗಿದ ಮೇಲೂ ಒಳಗಿನ ಅನಿಲ ಉಳಿದಿರುತ್ತೆ, ಸದ್ದು ಅದರದು. ಹಾಗಾಗಿ ತೇಲೋದು ಮುಳುಗೋದು ನಂಬೋ ಹಾಗಿಲ್ಲ, ನಳಿಕೆಗೂ ನೀರು ಹೋಗುತ್ತೆ. 200 ಪಫ್‌ದು ಅಂದರೆ ಎಣಿಸಿ, ಇಲ್ಲವೇ ಅಂಕಿ ತೋರಿಸೋದು ತಗೊಳ್ಳಿ.

ಎರಡು ಮಕ್ಕಳ ತಾಯಿ: ಎಣಿಸೋಕೆ ನನಗೇನು ಬೇರೆ ಕೆಲಸ ಇಲ್ವಾ? ಸ್ಕೋರರ್ ಥರ ಪುಸ್ತಕ ಹಿಡಿದು ಕೂರಲಾ?

ಪಿಟಿ ಮೇಷ್ಟ್ರು: ನಮ್ಮ ಹುಡುಗ ಸ್ಕೋರ್‌ಬುಕ್ಕಿನ ಕೊನೇ ಹಾಳೆಯಲ್ಲಿ ಗೀಟು ಹಾಕ್ತಾನೆ ಮೇಡಂ.

ಎರಡು ಮಕ್ಕಳ ತಾಯಿ: ನಿಮ್ಮ ಹುಡುಗನ ಪುರಾಣ ಸಾಕು ಮೇಷ್ಟ್ರೇ. ಔಷಧಿ ಬೇರೆಯವರದು ಕೊಟ್ಟಿದ್ದು ತಪ್ಪು ಅಂತಲೇ ನನ್ನ ಮಾತು.